ಖಾಲಿ ಬಾರದ ಡಬ್ಬಿ

ನಾನು ದೊಡ್ಡ ದಾನಿ. ಇದನ್ನು ನಾನೇ ಹೇಳಿಕೊಳ್ಳಬಾರದು ಎಂದು ಗೊತ್ತು. ಆದರೆ ಊರವರು ಹೇಳುವುದನ್ನು ಬರಬರುತ್ತ ಮರೆಯತೊಡಗಿದ್ದರಿಂದ ಆ ಭಾರವೂ ನನ್ನ ತಲೆಗೇ ಬಿತ್ತು. ಹಿರೋಳ್ಳಿಯ ಬಸ್ ನಿಲ್ದಾಣದ ಕಲ್ಲಿನ ಬೆಂಚಿನ ಬೆನ್ನ ಮೇಲೆ ನನ್ನ ಹೆಸರಿದೆ. ಮಠದ ಪ್ರಸಾದದ ಕೋಣೆಯಲ್ಲಿ ತಿರುಗುವ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ಇದೆ. ಉಣ್ಣಲು ಕುಳಿತವರಿಗೆ ಗಾಳಿ ಬೇಕೆಂದರೆ ನನ್ನ ಹೆಸರು ತಿರುಗಲೇಬೇಕು. ಓಣಿಯ ಲಗ್ನ, ತೊಟ್ಟಿಲುಗಳಿಗೆಂದು ಮಾಡಿಸಿಟ್ಟ ಸ್ಟೀಲ್ ತಾಟುಗಳ ನಟ್ಟನಡುವೆ ಹೆಸರು ಕೊರೆಸಿದ್ದೆ. ಅಂಗಡಿಯವನು ಅಂಚಿನಲ್ಲಿ ಸಣ್ಣದಾಗಿ ಕೊರೆಯುತ್ತೇನೆ ಎಂದ. ಅಂಚನ್ನು ಯಾರು ನೋಡುತ್ತಾರೆ? ನಡುವೆ ಕೊರೆದರೆ ಸಾರು ಮುಗಿದ ಮೇಲಾದರೂ ಕಾಣುತ್ತದೆ.

"ಉಂಡ ಮಂದಿ ಕೈ ನೆಕ್ಕೂ ಮುಂಚೆ ನಿಮ್ಮ ಹೆಸರ ನೆಕ್ಕಬೇಕು, ಅಷ್ಟೇ ಹೌದಿಲ್ಲೋ?" ಎಂದು ನನ್ನ ಹೆಂಡತಿ ಕೇಳಿದ್ದಳು. ನಾನು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡೆ.

ನಾನು ಮ್ಯಾಟ್ರಿಕ್ ಓದಿ, ಆಳಂದದಲ್ಲಿ ತೊಗರಿಯ ಅಡತಿ ಅಂಗಡಿ ನಡೆಸಿ, ಈಗ ಅದನ್ನು ಮಗನಿಗೆ ಬಿಟ್ಟು ಕಟ್ಟೆಯ ಮೇಲೆ ಕೂಡುವವನಾಗಿದ್ದೇನೆ. ಕಟ್ಟೆಯ ಮೇಲೆ ಕೂತವನಿಗೆ ಎದುರಿನ ಮನೆ ಕಾಣುತ್ತದೆ. ಎದುರಿನ ಮನೆಯಲ್ಲಿ ಆಯಿ ಇದ್ದಾಳೆ. ನನಗಿಂತ ನಾಲ್ಕಾರು ವರ್ಷಕ್ಕೆ ಹಿರಿಯಳು. ಓಣಿಗೆಲ್ಲ ಆಯಿ, ನನಗೆ ಅಕ್ಕಾರ. ತವರು ಭೀಮಾ ದಂಡೆಯ ಮಣ್ಣೂರ. ಮಗಳು ತೀರಿಕೊಂಡ ಮೇಲೆ ಮೊಮ್ಮಗಳನ್ನು ತಂದು ಸಾಕಿದಳು. ಆ ಹುಡುಗಿ ಬಿ.ಎ. ಮುಗಿಸಿ ಆಳಂದದ ಒಂದು ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಆಯಿಯ ಕಾಯಕ ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಬೆಳಗಿನ ಬಸ್ಸಿಗೆ ಆಳಂದದ ಖಾನಾವಳಿಗೆ ರೊಟ್ಟಿ, ಹಿಂಡಿಯ ಗಂಟು ಹೋಗುತ್ತದೆ. ಕೋಳಿ ಕೂಗುವ ಹೊತ್ತಿಗೇ ಆ ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಆ ಸಪ್ಪಳ ಕೇಳಿದಾಗಲೆಲ್ಲ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ 'ಪಾಪ' ಎನ್ನುತ್ತಿದ್ದೆ. ಮಲಗಿಕೊಂಡೇ ಮಾಡಬಹುದಾದ ದಯೆಗಿಂತ ಸುಖವಾದದ್ದು ಬೇರೆ ಯಾವುದಿದೆ?

ಎದುರು ಮನೆಯಲ್ಲೇ ಇಷ್ಟು ಹದವಾದ ಬಡವಿ ಇರುವಾಗ ಫ್ಯಾನು ಬೆಂಚುಗಳಿಗೆ ದಾನ ಮಾಡುವುದು ಸರಿಯಲ್ಲ ಎಂದು ನನಗೆ ಹೊಳೆದದ್ದು ಅಂಗಡಿ ಬಿಟ್ಟ ಮೇಲೆ. ಹೊಸ ತೊಗರಿ ಬಂದ ಕಾಲ. ಬೇಳೆಯ ಚೀಲವೊಂದನ್ನು ಆಳಿನ ಹೆಗಲ ಮೇಲೆ ಹೊರಿಸಿಕೊಂಡು ಅವಳ ಬಾಗಿಲಿಗೆ ಹೋದೆ.

"ಅಕ್ಕಾರ, ಹೊಸ ಬ್ಯಾಳಿ ಬಂದಾವ್ರಿ. ಒಂದು ಚೀಲ ಇಳಸ್ತೇನಿ."

ಆಯಿ ಹೊರಗೆ ಬಂದಳು. ಕೈಗೆ ಜೋಳದ ಹಿಟ್ಟು ಮೆತ್ತಿತ್ತು. ಮೊದಲು ಆಳಿಗೆ ಚೀಲ ಕೆಳಗಿಡಲು ಹೇಳಿ ನೀರು ಕೊಟ್ಟಳು. ಆಮೇಲೆ ಚೀಲದ ಬಾಯಿ ಬಿಚ್ಚಿಸಿ, ನಾಲ್ಕು ಬೇಳೆ ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು.

"ಬ್ಯಾಳಿ ಅಂದ್ರ ಇವು ನೋಡ್ರಿ ಸಾವ್ಕಾರ್ರ! ಬಂಗಾರಾಗ್ಯಾವ. ಒಂದು ಬೊಗಸಿ ಕೊಡ್ರಿ, ಇವತ್ತ ಇದರದೇ ಸಾರ ಮಾಡ್ತೇನಿ. ಚೀಲ ಇಡಾಕ ನನ್ನ ಮನ್ಯಾಗ ಎಲ್ಲಿ ಜಾಗಾ? ಇಲಿಗೋಳ ಪಾಲಾಗಿ ಹೋಗ್ತದ. ನಿಮ್ಮ ಗೋದಾಮಿನ್ಯಾಗೇ ಇರ್ಲಿ. ನಂದೇ ಅಂತ ತಿಳ್ಕೋತೇನಿ. ಬೇಕಾದಾಗ ಬಂದು ಒಯ್ತೇನಿ."

ಮನೆಯಿಂದ ತರಿಸಿದ ನನ್ನ ಡಬ್ಬಿಯಲ್ಲಿ ಒಂದು ಬೊಗಸೆ ಬೇಳೆ ಅವಳ ಮನೆಗೆ ಹೋಯಿತು. ಚೀಲ ಬಂದ ಹೆಗಲ ಮೇಲೇ ವಾಪಸು ಬಂತು. ನಾನು ಮಾತ್ರ ಕೊಟ್ಟು ಬಂದವನ ಹಾಗೆ ಎದೆ ಸೆಟೆಸಿಕೊಂಡು ಮನೆ ಸೇರಿದೆ. ಸಂಜೆ ಮೊಮ್ಮಗಳು ಆ ಡಬ್ಬಿಯನ್ನು ತಂದುಕೊಟ್ಟಳು. ತುಂಬ ಶೇಂಗಾ ಹಿಂಡಿ. ನಮ್ಮ ಕಡೆ ಎರವಲು ಬಂದ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಾರೆ. ಹಿಂಡಿ ಬಹಳ ಚೆನ್ನಾಗಿತ್ತು. ಎರಡು ದಿನ ಅದರಲ್ಲೇ ಉಂಡೆ.

ಬರ್ತೇನಿ ಎಂದಳಲ್ಲ, ಚೀಲಕ್ಕೆ ಬರುತ್ತಾಳೆ ಎಂದು ಕಾದೆ. ಆ ಬೇಳೆಗೆ ನುಸಿ ಹಿಡಿಯಿತು.

ಅಷ್ಟಕ್ಕೇ ಬಿಡುವ ದಾನಿ ನಾನಲ್ಲ. ಬೇಸಿಗೆಯಲ್ಲಿ ಓಣಿಯ ನಲ್ಲಿ ಒಣಗಿತು. ನನ್ನ ಹಿತ್ತಲಿನ ಬೋರಿನಲ್ಲಿ ನೀರಿತ್ತು. ಅವಳ ಅಂಗಳದವರೆಗೆ ಪೈಪು ಎಳೆಸಿಕೊಡುತ್ತೇನೆ ಎಂದೆ, ಅದೂ ನಾಲ್ಕು ಮಂದಿ ಹೆಂಗಸರು ಕೊಡ ಹಿಡಿದು ನಿಂತಿದ್ದಾಗ. ನಾಲ್ಕು ಮಂದಿ ಇಲ್ಲದಾಗ ನಾನು ಸಾಮಾನ್ಯವಾಗಿ ಉದಾರಿಯಾಗುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆ ನಾಲ್ಕು ಮಂದಿಯ ಎದುರಿಗೇ ಒಲ್ಲೆ ಎಂದು ನನ್ನ ಮುಖಕ್ಕೆ ಮಸಿ ಬಳಿಯಬಹುದಿತ್ತು. ಅಥವಾ ಹೂಂ ಎಂದು ತನ್ನ ಮುಖಕ್ಕೆ ಬಳಿದುಕೊಳ್ಳಬಹುದಿತ್ತು. ಆಯಿ ನಕ್ಕಳು.

"ಎಷ್ಟು ದೊಡ್ಡ ಮನಸ್ರಿ ನಿಮ್ದು! ಖರೆ ನೋಡ್ರಿ, ನೀರು ಮನಿಯೊಳಗೇ ಬಂದ್ರ ನನ್ನ ಮೊಣಕಾಲ ಹಿಡ್ಕೋತಾವ. ನಾಕು ಹೆಜ್ಜಿ ನಡದ್ರೇ ಇವು ಸುದ್ದ ಇರ್ತಾವ. ಆ ಪೈಪ ಓಣಿ ಮೂಲಿಗೆ ಹಾಕಿಸಿಬಿಡ್ರಿ. ಇವ್ರೆಲ್ಲಾರ ಸಂಗಟ ನಾನೂ ಪಾಳಿ ಹಚ್ಚತೇನಿ. ಓಣಿಗೆ ಓಣೀನೇ ನಿಮ್ಮ ಹೆಸರ ತಗೋತದ."

ಹೆಸರು ಎಂಬ ಮಾತು ಕಿವಿಗೆ ಬಿದ್ದ ಮೇಲೆ ನನಗೆ ಬೇರೇನೂ ಕೇಳಿಸುವುದಿಲ್ಲ. ಓಣಿಯ ಮೂಲೆಗೆ ನಲ್ಲಿ ಬಂತು. ಅದರ ಮೇಲೆ ಕಲ್ಲು ಬಂತು. ಕಲ್ಲಿನ ಮೇಲೆ ಏನು ಬಂತೆಂದು ಹೇಳಬೇಕಿಲ್ಲ. ಆಯಿ ಎಲ್ಲರ ಹಾಗೆ ಪಾಳಿಯಲ್ಲಿ ನಿಂತು ನೀರು ತುಂಬಿದಳು. ಯಾರ ಹಂಗೂ ಅವಳ ಮೇಲೆ ಬೀಳಲಿಲ್ಲ. ಓಣಿಯ ಬಾಯಾರಿಕೆ ಹೋಯಿತು. ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು. ಅದನ್ನು ನನ್ನಿಂದ ಮಾಡಿಸಿದ್ದು ಅವಳು ಎಂಬುದು ತಿಳಿಯಲು ಬಹಳ ಕಾಲ ಬೇಕಾಯಿತು.

ಆಮೇಲೆ ರೊಟ್ಟಿ ಮಾಡುವ ಮಷಿನ್. ಮಾರುವವನನ್ನೇ ಕರೆದುಕೊಂಡು ಅವಳ ಒಲೆಯ ಮುಂದೆ ಹೋಗಿ ನಿಂತೆ. ಅವನು ಗುಂಡಿ ಒತ್ತಿದರೆ ಏನಾಗುತ್ತದೆಂದು ವಿವರಿಸಿದ. ಆಯಿ ಒಂದು ರೊಟ್ಟಿಯನ್ನೂ ಸೀಯಲು ಬಿಡದೆ ಎಲ್ಲವನ್ನೂ ಕೇಳಿಸಿಕೊಂಡಳು.

"ಭಾಳ ಛಲೋ ಮಷಿನ್ ಅದಪ್ಪಾ. ಆದ್ರ ನನ್ನ ಕೈ ಹಳೀದು, ಮಷಿನ್ ಹೊಸಾದು, ಎರಡಕ್ಕೂ ಕೂಡಂಗಿಲ್ಲ. ಸಾವ್ಕಾರ್ರ, ನೀವು ಬಂದದ್ದು ಬರೊಬ್ಬರಿ ಆತ. ಇವತ್ತ ಹಿಂಡಿಗೆ ಉಪ್ಪ ಹೆಚ್ಚಾಗ್ಯದೇನೋ ಅಂತ ಸಂಶೆ. ನನ್ನ ನಾಲಿಗಿಗೆ ವಯಸ್ಸಾತು. ನಿಮ್ಮ ನಾಲಿಗಿ ಪ್ಯಾಟಿ ನಾಲಿಗಿ. ಕುಂದರ್ರಿ, ಒಂದು ರೊಟ್ಟಿ ತಿಂದು ಹೇಳ್ರಿ."

ಕೂತೆ. ಬಿಸಿ ರೊಟ್ಟಿಯ ಮೇಲೆ ಹಿಂಡಿ, ಹಿಂಡಿಯ ಮೇಲೆ ಎಣ್ಣೆ. ಮಾರುವವನಿಗೂ ಒಂದು ರೊಟ್ಟಿ. ಉಪ್ಪು ಸರಿಯಾಗೇ ಇತ್ತು. ಆದರೂ ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದು "ಒಂದು ಎಳ್ಳಷ್ಟು ಕಮ್ಮಿ" ಎಂದೆ. ತಜ್ಞನಾದವನು ಸುಮ್ಮನೆ ಸರಿಯಾಗಿದೆ ಎನ್ನಲಾಗುವುದಿಲ್ಲ.

"ನೋಡ್ರಿ, ಎಂಥ ಉಪಕಾರ ಮಾಡಿದ್ರಿ!" ಎಂದಳು ಆಯಿ.

ನಾನು ಉಪಕಾರ ಮಾಡಿದ ತೃಪ್ತಿಯಲ್ಲಿ ಹಲ್ಲಿನ ಸಂದಿಯಿಂದ ಶೇಂಗಾ ತೆಗೆಯುತ್ತ ಮನೆಗೆ ಬಂದೆ. ಹೆಂಡತಿ ಕೇಳಿದಳು: "ಮಷಿನ್ ಕೊಟ್ಟ ಬಂದ್ರ್ಯಾ?" ಆಗ ಮಷಿನ್ನಿನ ನೆನಪಾಯಿತು.

ಆಯಿ ನನಗೆ ಒಂದು ದಿನವೂ 'ಬ್ಯಾಡ' ಎಂದವಳಲ್ಲ. ಕೊರತೆ ಯಾವತ್ತೂ ತನ್ನ ಮನೆಯದು, ತನ್ನ ಮೊಣಕಾಲಿನದು, ತನ್ನ ನಾಲಿಗೆಯದು. ನನ್ನ ವಸ್ತು ಯಾವತ್ತೂ ಬಂಗಾರ. ನನ್ನ ಕೈ ಪೂರ್ತಿ ಖಾಲಿ ಹೋಗಬಾರದೆಂದು ಒಂದು ಬೊಗಸೆ ತೆಗೆದುಕೊಳ್ಳುತ್ತಿದ್ದಳು. ಅದಕ್ಕೂ ಜಾಗವಿಲ್ಲದಿದ್ದರೆ ಕಾಸು ಖರ್ಚಿಲ್ಲದ ಏನಾದರೊಂದು ಕೆಲಸವನ್ನು, ಉಪ್ಪು ನೋಡುವಂಥದ್ದನ್ನು, ನನಗೆ ಕೊಟ್ಟು ಕಳಿಸುತ್ತಿದ್ದಳು. ನಾನು ದಡ್ಡ ಎಂದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಾಗದ ಹಾಗೆ ನೋಡಿಕೊಂಡಳು.

ಬೇಳೆ, ಬೆಲ್ಲ, ಹಬ್ಬದ ಎಣ್ಣೆ ಎಂದು ನನ್ನ ಡಬ್ಬಿ ಮಾತ್ರ ಹೋಗುತ್ತಲೇ ಇತ್ತು. ಅದರ ಮುಚ್ಚಳದ ಮೇಲೂ ಹೆಸರಿತ್ತು, ದಾರಿಯಲ್ಲಿ ಯಾರಾದರೂ ಎದುರಾದರೆ ಇರಲಿ ಎಂದು. ಹೋದ ಡಬ್ಬಿ ಸಂಜೆಗೋ ಮರುದಿನಕ್ಕೋ ತುಂಬಿ ಬರುತ್ತಿತ್ತು. ಹಿಂಡಿ, ಪುಂಡಿಪಲ್ಲೆ, ಸಜ್ಜೆ ರೊಟ್ಟಿ, ಒಮ್ಮೊಮ್ಮೆ ಎಳ್ಳಿನ ಹೋಳಿಗೆ. ನಾನು ಒಂದು ಬೊಗಸೆ ಕಳಿಸಿದರೆ ಡಬ್ಬಿ ತುಂಬ ಬರುತ್ತಿತ್ತು. ಇದರಲ್ಲಿ ಏನೋ ಎಡವಟ್ಟಿದೆ ಎಂದು ಜೀವಮಾನವೆಲ್ಲ ತಕ್ಕಡಿ ಹಿಡಿದ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಹೆಂಡತಿಗೆ. "ಅಲ್ಲರೀ, ಆಕೀ ಹಿಂಡಿ ಖಾನಾವಳಿಗೆ ಹೋಗಬೇಕಾದದ್ದು. ನಿಮ್ಮ ಡಬ್ಬಿ ಹ್ವಾದ ದಿನ ಆಕೀಗೆ ಅದನ್ನ ತುಂಬಿ ಕಳಸೂ ಕೆಲಸ. ನೀವು ಕೊಡಾಕತ್ತಿಲ್ಲ, ವಸೂಲಿ ಮಾಡಾಕತ್ತೀರಿ. ನಿಜಾಮನ ಕಾಲದಾಗ ತಹಶೀಲಿ ಮಂದಿ ಬರ್ತಿದ್ರಂತ. ಈಗ ನಿಮ್ಮ ಡಬ್ಬಿ ಹೋಗ್ತದ."

"ಹೆಂಗಸರ ಲೆಕ್ಕ" ಎಂದು ನಕ್ಕು ಹಿಂಡಿ ಕಲಸಿಕೊಂಡೆ.

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಇಷ್ಟು ಹೊತ್ತು ನಗಿಸಿದ್ದು ಬಹುಶಃ ಅದನ್ನು ಮುಂದೆ ಹಾಕುವುದಕ್ಕೇ.

ಮೊಮ್ಮಗಳಿಗೆ ಅಫಜಲಪುರದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗಿಗೂ ಮನಸ್ಸಿತ್ತು ಎಂದು ಹೆಂಡತಿಯ ಮೂಲಕ ತಿಳಿದಿತ್ತು. ಹೆಣ್ಣು ನೋಡಿ, ಚುರುಮುರಿಯ ಸುಸಲಾ ತಿಂದು, ಚಹಾ ಕುಡಿದು ಹೊರಟವರಲ್ಲಿ ಇಬ್ಬರು ಹಿರಿಯರು ನನ್ನ ಕಟ್ಟೆಗೆ ಬಂದು ಕೂತರು. ಇದು ಪದ್ಧತಿ. ಮನೆಯ ವಿಚಾರವನ್ನು ಆ ಮನೆಯಲ್ಲಿ ಕೇಳುವುದಿಲ್ಲ, ಎದುರು ಮನೆಯಲ್ಲಿ ಕೇಳುತ್ತಾರೆ. ಅದಕ್ಕೇ ನಮ್ಮಲ್ಲಿ ಹೆಣ್ಣಿರುವ ಮನೆಯವರು ನೆರೆಯವರ ಜೊತೆ ಜಗಳ ಕಾಯುವುದಿಲ್ಲ.

"ಸಾವ್ಕಾರ್ರ, ಮನಿ ಹೆಂಗ್ರಿ? ಮುದುಕಿ, ಮೊಮ್ಮಗಳು, ಇಬ್ಬರೇ. ನಡಸ್ತಾರ ಹೆಂಗ?"

ನಾನು ಹೇಳಬೇಕಾದದ್ದು ಸರಳವಾಗಿತ್ತು: ದುಡಿದು ಉಣ್ಣುತ್ತಾರೆ. ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಆ ಮಾತಿನಲ್ಲಿ ನಾನು ಎಲ್ಲಿದ್ದೆ? ನಾನಿಲ್ಲದ ಮಾತನ್ನು ನಾನೇಕೆ ಆಡಲಿ?

"ಪಾಪ, ಹೆಂಗ ನಡಸ್ತಾರ್ರಿ" ಎಂದೆ. ಟವೆಲ್ಲನ್ನು ಹೆಗಲ ಮೇಲೆ ಸರಿಮಾಡಿಕೊಂಡೆ. "ನಾವ ಇದ್ದೇವಲ್ಲ. ಬ್ಯಾಳಿ, ಬೆಲ್ಲ, ನೀರು, ಎಲ್ಲಾ ನಮ್ಮನಿಯಿಂದೇ ಹೋಗ್ತದ. ನೀವು ಚಿಂತಿ ಮಾಡಬ್ಯಾಡ್ರಿ. ಲಗ್ನಾನೂ ನಾವೇ ಮಾಡಿಕೊಡೋರು."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ದೊಡ್ಡತನಕ್ಕೆ ಬೆರಗಾದರೆಂದು ತಿಳಿದೆ. ಹೋದವರು ತಿರುಗಿ ಬರಲಿಲ್ಲ, ಹೇಳಿಯೂ ಕಳಿಸಲಿಲ್ಲ. ಮಂದಿಯ ಕೂಳು ತಿಂದು ಬೆಳೆದ ಹುಡುಗಿ ಎಂದು ಅಲ್ಲಿ ಮಾತಾಯಿತಂತೆ. ಈ ಮಾತು ಬೇರೆ ದಾರಿಯಿಂದ ನನ್ನ ಹೆಂಡತಿಯ ಕಿವಿಗೆ ಬಂತು. ಅವಳು ನನ್ನನ್ನೇ ನೋಡಿದಳು. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡು "ಋಣ ಇರಲಿಲ್ಲ, ಬಿಡು" ಎಂದೆ. ಆ ಹುಡುಗಿ ಕೆಲವು ದಿನ ಬಸ್ಸಿಗೆ ಹೋಗುವಾಗ ನಮ್ಮ ಕಟ್ಟೆಯ ಕಡೆ ನೋಡಲಿಲ್ಲ. ಆಯಿ ಮಾತ್ರ ಎಂದಿನಂತೆ "ಚಹಾ ಆತೇನ್ರಿ ಸಾವ್ಕಾರ್ರ?" ಎಂದು ಕೇಳುತ್ತಿದ್ದಳು. ಅವಳಿಗೆ ಗೊತ್ತಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದೇ ಅನುಕೂಲವಾಗಿತ್ತು.

ವರ್ಷ ಕಳೆದು ಯಡ್ರಾಮಿಯಿಂದ ಇನ್ನೊಂದು ಸಂಬಂಧ ಬಂತು. ಹುಡುಗ ಹುಡುಗಿ ಒಪ್ಪಿಕೊಂಡಾಗಿತ್ತು. ಈಗ ಹಿರಿಯರು ಮನೆ ನೋಡಲು ಬರುವುದಿತ್ತು. ಮನೆ ಮನಸ್ಸಿಗೆ ಬಂದರೆ ಉಂಡು ಮಾತು ಮುಗಿಸಿ ಹೋಗುವವರು. ಸುದ್ದಿ ಕೇಳಿದವನೇ ನಾನು ಟವೆಲ್ಲು ಕೊಡವಿ ಎದ್ದೆ. ಅಫಜಲಪುರದ ತಪ್ಪನ್ನು ಸರಿಮಾಡಬೇಕು ಎಂಬುದೂ ಮನಸ್ಸಿನ ಮೂಲೆಯಲ್ಲಿ ಇತ್ತೇನೋ. ಆದರೆ ತಪ್ಪನ್ನು ಸರಿಮಾಡಲು ನನಗೆ ಗೊತ್ತಿದ್ದ ದಾರಿ ಒಂದೇ, ಅದನ್ನೇ ಇನ್ನೂ ದೊಡ್ಡದಾಗಿ ಮಾಡುವುದು.

"ಅಕ್ಕಾರ, ಕುರ್ಚಿ, ಅಡಗಿಯವ, ತಾಟು, ಎಲ್ಲಾ ನಂದು. ನೀವು ಕೈ ಕಟ್ಟಿ ಕುಂದರ್ರಿ."

ಆಯಿ ಬೇಳೆ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನೀವು ಹಿಂದ ನಿಂತೀರಿ ಅನ್ನೂದೇ ನನಗ ಆನಿ ಬಲ. ಹೋಳಿಗಿ ನನ್ನ ಕೈಲೇ ಆಗಬೇಕಂತ ನಮ್ಮ ಹುಡುಗಿ ಹಟಾ ಹಿಡದಾಳ್ರಿ. ಆಕೀ ಮಾತ ಮೀರಿದ್ರ ಮನ್ಯಾಗ ಉಳಿಗಾಲಿಲ್ಲ. ಬರೋರು ನಾಕೇ ಮಂದಿ, ತವರಿಂದ ತಂದ ಹಿತ್ತಾಳಿ ಗಂಗಾಳ ಅದಾವ. ವರ್ಷಗಟ್ಟಲೆ ಹುಣಸಿಹಣ್ಣ ಹಚ್ಚಿ ತಿಕ್ಕೇನಿ, ಒಂದು ದಿನ ಮಂದಿ ಕಣ್ಣಿಗರ ಬೀಳ್ಲಿ. ನಿಮ್ಮಿಂದ ಒಂದು ಕೆಲಸ ಅದ, ಆಮ್ಯಾಲ ಹೇಳ್ತೇನಿ."

ನನಗೆ ಸಮಾಧಾನವಾಗಲಿಲ್ಲ. ನನ್ನ ಹೆಸರಿನ ತಾಟುಗಳು ಇರುವಾಗ ಮಣ್ಣೂರಿನ ಗಂಗಾಳವೇ? ಹಿಂದಿನ ದಿನ ಆಯಿ ಗಿರಣಿಗೆ ಹೋದ ಸಮಯ ನೋಡಿ, ತಾಟುಗಳ ಇಡೀ ಅಟ್ಟಿಯನ್ನು ಹೊರಿಸಿಕೊಂಡು ಹೋಗಿ ಮೊಮ್ಮಗಳ ಮುಂದೆ ಇಳಿಸಿದೆ. ಹಿರಿಯರಿಗೆ ಎದುರಾಡುವ ಹುಡುಗಿಯಲ್ಲ. ಅದು ಗೊತ್ತಿದ್ದೇ ಹೋದದ್ದು. ಆದರೂ ಅವಳು ಒಂದು ಮಾತು ಕೇಳಿದಳು:

"ಕಾಕಾ, ಫೋಟೋ ತಗೋತೀರೇನ್ರಿ? ಸ್ಟೇಟಸ್ಸಿಗೆ ಹಾಕಾಕ?"

ತೆಗೆದುಕೊಂಡೆ ಎಂದು ಹೇಳಲು ಇವತ್ತು ನಾಚಿಕೆಯಾಗುತ್ತದೆ. ಆವತ್ತು ತಾಟುಗಳ ಅಟ್ಟಿಯನ್ನು ಬೆಳಕಿನ ಕಡೆಗೆ ಸರಿಸು ಎಂದು ಅವಳಿಗೇ ಹೇಳಿದ್ದೆ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ತಾಟುಗಳ ಅಟ್ಟಿ ಕೂತಿತ್ತು. ತೊಳೆದು, ಒರೆಸಿ, ಮೇಲೊಂದು ಬಿಳಿ ಬಟ್ಟೆ ಮುಚ್ಚಿತ್ತು. ಬಟ್ಟೆ ಸರಿಸಿದರೆ ಮೇಲಿನ ತಾಟಿನಲ್ಲಿ ಬಿಸಿ ಹೋಳಿಗೆಗಳು, ತುಪ್ಪದ ಬಟ್ಟಲು. ಹಿಂದೆಯೇ ಆಯಿ ನಿಂತಿದ್ದಳು, ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ. ಇಷ್ಟು ವರ್ಷದಲ್ಲಿ ಅವಳು ತಾನಾಗಿ ನಮ್ಮ ಹೊಸ್ತಿಲಿಗೆ ಏನನ್ನಾದರೂ ಕೇಳಲು ಬಂದದ್ದು ಅದೇ ಮೊದಲು.

"ತಾಟ ಕಳಿಸಿದ್ರಿ, ಮನಸ ತುಂಬಿತ್ರಿ. ಮಂದಿ ನಾಕೇ ಆದ್ರು, ಗಂಗಾಳ ಸಾಲ್ತಾವ, ಅದಕ್ಕ ಒಂದೇ ಇಟ್ಕೊಂಡೇನಿ. ಒಂದು ಕೆಲಸ ಅದ ಅಂದಿದ್ನೆಲ್ಲ? ಮನ್ಯಾಗ ಗಂಡಸ್ರಿಲ್ಲ. ಬೀಗರ ಪಂಕ್ತ್ಯಾಗ ಕುಂತು ನಮ್ಮನಿ ಹಿರೇರಾಗಿ ನೀವು ಉಣಬೇಕು. ಒಲ್ಲೆ ಅನಬ್ಯಾಡ್ರಿ."

ಒಲ್ಲೆ ಅನ್ನುವುದೇ? ಹೆಂಡತಿ ಒಳಗಿನಿಂದ "ಧೋತರ ಇಸ್ತ್ರಿ ಆಗ್ಯದ, ಹೋಗ್ರಿ" ಎಂದಳು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು ಎಂದು ಆಮೇಲೆ ಗೊತ್ತಾಯಿತು. ಕಟ್ಟೆಯ ಮೇಲೆ ಬಿಟ್ಟರೆ ಏನು ಮಾತಾಡುತ್ತಾನೋ ಎನ್ನುವಂಥವನನ್ನು ಕಣ್ಣೆದುರಿಗೆ ಪಂಕ್ತಿಯಲ್ಲಿ ಕೂಡಿಸಿಕೊಳ್ಳುವುದೇ ಕ್ಷೇಮ.

ಯಡ್ರಾಮಿಯಿಂದ ಬಂದವರು ನಾಲ್ವರು. ಅವರಲ್ಲಿ ಮಾತು ಹುಡುಗನ ದೊಡ್ಡಪ್ಪನದು ಮತ್ತು ಸೋದರತ್ತೆಯದು. ಗೋಡೆಗೆ ಹೊಸ ಸುಣ್ಣ ಬಳಿದಿತ್ತು. ನೆಲದ ಶಹಾಬಾದ್ ಕಲ್ಲು ಮುಖ ಕಾಣುವ ಹಾಗೆ ಒರೆಸಿತ್ತು. ಕೈಕಾಲು ತೊಳೆದು ಕೂತರು. ಅವರ ಮುಂದೆ ಹಿತ್ತಾಳೆ ಗಂಗಾಳಗಳು ದೀಪದ ಹಾಗೆ ಹೊಳೆಯುತ್ತಿದ್ದವು. ನನ್ನ ಮುಂದೆ ನನ್ನ ಸ್ಟೀಲ್ ತಾಟು.

"ಇವರಿಗೇನು ಬ್ಯಾರೆ ತಾಟು?" ಎಂದಳು ಸೋದರತ್ತೆ.

"ನಮ್ಮ ಸಾವ್ಕಾರ್ರು ನೇಮದವ್ರು. ತಮ್ಮ ಹೆಸರಿನ ತಾಟಿನ್ಯಾಗ ಬಿಟ್ರ ಬ್ಯಾರೆಯವ್ರ ತಾಟಿನ್ಯಾಗ ಉಣಂಗಿಲ್ಲ" ಎಂದಳು ಆಯಿ. "ಓಣಿಗೆಲ್ಲಾ ನೀರು ಬಿಟ್ಟ ಪುಣ್ಯಾತ್ಮರು. ನೀವು ಬರಬೇಕಾದ್ರ ಮೂಲ್ಯಾಗ ನಲ್ಲಿ ನೋಡಿದ್ರ್ಯಲಾ? ಇವರದೇ."

ನಾಲ್ವರೂ ಗೌರವದಿಂದ ನನಗೆ ಕೈ ಮುಗಿದರು. ಬಾಯಿ ಬಿಡುವ ಮೊದಲೇ ನನಗೆ ಬೇಕಾದ ಹೊಗಳಿಕೆ ಬಡಿಸಿಯಾಗಿತ್ತು. ಇನ್ನು ಅದಕ್ಕಾಗಿ ನಾನೇನೂ ಹೇಳಬೇಕಿರಲಿಲ್ಲ.

ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಲೆ, ಖಡಕ್ ರೊಟ್ಟಿ, ಮೊಸರು, ಹಿಂಡಿ. ಮೊಮ್ಮಗಳು ಬಡಿಸಿದಳು. ಬೀಗರ ಸಾಲಿಗೆ ನಿಧಾನವಾಗಿ ಬಡಿಸಿದವಳು ನನ್ನ ಮುಂದೆ ಬಂದಾಗ ಸೌಟನ್ನು ಅವಸರದಿಂದ ಬಗ್ಗಿಸಿದಳು. ಸಾರು ಒಂದಿಷ್ಟು ತಾಟಿನಿಂದಾಚೆ ಚೆಲ್ಲಿತು. ಅವಳು ಬೀಗರಿಗೆ ಹೆದರಿಲ್ಲ, ನನಗೆ ಹೆದರಿದ್ದಾಳೆ ಎಂದು ಆಗ ತಿಳಿಯಿತು. ಮಾಡಿದ ತಪ್ಪನ್ನು ಪೇಪರಿನಿಂದ ಮುಚ್ಚಿಕೊಳ್ಳಬಹುದು. ಉಣ್ಣುವಾಗ ಕೈಯಲ್ಲಿ ಪೇಪರ್ ಇರುವುದಿಲ್ಲ.

ಊಟ ನಡುವೆ ಬಂದಾಗ ದೊಡ್ಡಪ್ಪ ತುಪ್ಪದ ಕೈಯನ್ನು ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದ.

"ಸಾವ್ಕಾರ್ರ, ಸಿಟ್ಟಿಗೇಳಬ್ಯಾಡ್ರಿ, ಕೇಳೂದ ಕೇಳಬೇಕು. ಗಂಡಸಿಲ್ಲದ ಮನಿ. ಇವರಿಗೆ ಆಧಾರ ಯಾರ್ರಿ?"

ಅದೇ ಪ್ರಶ್ನೆ. 'ಪಾಪ' ಎಂಬ ಮಾತು ತಾನಾಗಿ ನಾಲಿಗೆಯ ತುದಿಗೆ ಬಂದು ಕೂತಿತು, ವರ್ಷಗಳ ರೂಢಿ. ತಾಟಿನ ಕಡೆ ನೋಡಿದೆ. ಹೋಳಿಗೆ ಖಾಲಿಯಾಗಿತ್ತು. ತುಪ್ಪದ ಅಡಿಯಿಂದ ನನ್ನ ಹೆಸರು ಮೇಲೆ ನೋಡುತ್ತಿತ್ತು. ಪಕ್ಕದಲ್ಲಿ ಆಯಿ ಹೋಳಿಗೆಯ ಬುಟ್ಟಿ ಹಿಡಿದು ನಿಂತಿದ್ದಳು. ಕಣ್ಣಲ್ಲಿ ಬೇಡಿಕೆ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬೇಡಿದವರಿಗೆ ಕೊಡುವುದು ನನಗೆ ಚೆನ್ನಾಗಿ ಬರುತ್ತದೆ.

"ಇನ್ನೊಂದು ಹಾಕ್ಲೇನ್ರಿ?" ಎಂದಳು.

ಬ್ಯಾಡ, ಬ್ಯಾಡ ಎಂದು ಎರಡೂ ಕೈ ಅಡ್ಡ ಹಿಡಿದೆ. ಬೆರಳಿನ ಸಂದಿಯಿಂದ ಹೋಳಿಗೆ ತಾಟಿಗೆ ಬಿತ್ತು, ಸರಿಯಾಗಿ ಹೆಸರಿನ ಮೇಲೆ. ಬೇಡ ಎನ್ನುವ ವಿದ್ಯೆ ನನಗೆಲ್ಲಿ ಬರಬೇಕು? ಅದನ್ನು ಕಲಿತವಳು ಬುಟ್ಟಿ ಹಿಡಿದು ನಿಂತಿದ್ದಳು.

"ಆಧಾರ ಅಂದ್ರ..." ಎಂದು ಶುರು ಮಾಡಿದೆ. ಮೊಮ್ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. "ಖರೆ ಹೇಳಲೇನ್ರಿ? ನನ್ನದೊಂದು ಡಬ್ಬಿ ಅದ. ಎಷ್ಟೋ ವರ್ಷಾತು, ಆ ಮನಿ ಈ ಮನಿ ತಿರಗಾಕತ್ತದ. ನಾ ಕಳಸೂದು ಒಂದು ಬೊಗಸಿ. ಇಲ್ಲಿಂದ ಬರೂದು ಡಬ್ಬಿ ತುಂಬ. ಇವತ್ತಿನ ತನಕ ಒಂದು ದಿನಾನೂ ಖಾಲಿ ಬಂದಿಲ್ಲ. ಈ ಹಿಂಡಿ ನೀವು ಇವತ್ತ ಉಣ್ಣಾಕತ್ತೀರಿ, ನಾ ವರ್ಷಾನಗಟ್ಟಲೆ ಉಂಡೇನಿ. ಈ ಮನಿಗೆ ಯಾರ ಆಧಾರಾನೂ ಇಲ್ರಿ. ಬೇಕಾದ್ರ ನಮ್ಮನಿಗೆ ಆಧಾರ ಯಾರಂತ ಕೇಳ್ರಿ, ಹೇಳ್ತೇನಿ."

ವಿನಯಕ್ಕಾಗಿ ಆಡಲು ಹೊರಟ ಮಾತು. ಆಡುತ್ತ ಆಡುತ್ತ ಅದು ಬರೀ ನಿಜವಾಗಿಬಿಟ್ಟಿತು. ಹೆಂಡತಿ ಹೇಳಿದ ವಸೂಲಿಯ ಲೆಕ್ಕ ಆಗ ನನಗೆ ಹತ್ತಿತು. ಆ ರುಚಿಯಾದ ಹಿಂಡಿಯೆಲ್ಲ ಖಾನಾವಳಿಯ ಗಂಟಿನಿಂದ ಬಂದದ್ದು. ನನ್ನ ದಾನದ ಖರ್ಚನ್ನು ಇಷ್ಟು ಕಾಲ ಅವಳು ಭರಿಸಿದ್ದಳು. ನೀರಿಗೆಂದು ಕೈ ಚಾಚಿದೆ. ಆಯಿಯೇ ನೀರು ಕೊಟ್ಟಳು.

ದೊಡ್ಡಪ್ಪ ತಲೆಯಾಡಿಸಿದ. ಸೋದರತ್ತೆ ಗಟ್ಟಿಯಾಗಿ ನಕ್ಕಳು. "ಡಬ್ಬಿ ಖಾಲಿ ಕಳಸದ ಮನಿ ಹುಡುಗಿ ಅಂದ್ರ ನಮ್ಮ ಮನಿ ಡಬ್ಬಿ ತುಂಬಿದಂಗೇ ಬಿಡ್ರಿ. ಇನ್ನೇನ ಕೇಳ್ತೀ ಅಣ್ಣಾ, ಮೊಸರ ಉಣ್ಣು" ಎಂದಳು. ಮೊಮ್ಮಗಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮೊಸರು ತಂದು ನನಗೇ ಮೊದಲು ಬಡಿಸಿದಳು. ಆ ಸಲ ಒಂದು ಹನಿಯೂ ಚೆಲ್ಲಲಿಲ್ಲ.

ಮಾತು ಮುಗಿಯಿತು, ಸಕ್ಕರೆ ಹಂಚಿದರು. ಬೀಗರನ್ನು ಬಸ್ಸಿಗೆ ಕಳಿಸಿ ಬಂದ ಮೇಲೆ ಪಡಸಾಲೆಯಲ್ಲಿ ನಾನೂ ಆಯಿಯೂ ಉಳಿದೆವು. ನನ್ನ ತಾಟನ್ನು ತಾನೇ ತೊಳೆದು ತಂದಿದ್ದಳು. ಇಷ್ಟು ಕಾಲ ಹೊತ್ತ ಮಾತನ್ನು ಇಳಿಸಲು ಇದೇ ಹೊತ್ತು ಎನಿಸಿತು. ಕಾಲು ಮುಟ್ಟಬೇಕೆಂದೂ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಕಾಲು ಮುಟ್ಟುವಾಗ ನಾನು ಹೇಗೆ ಕಾಣುತ್ತೇನೆ ಎಂಬುದನ್ನೂ ಅಂದುಕೊಂಡಿದ್ದೆ. ರೂಢಿ ಸಾಯುವುದಿಲ್ಲ.

"ಅಕ್ಕಾರ, ಅಫಜಲಪುರದವ್ರು ಬಂದಾಗ ನಾ..."

"ಎಲಿ ಅಡಕಿ ತಗೋರಿ" ಎಂದು ತಟ್ಟೆ ಮುಂದೆ ಸರಿಸಿದಳು.

"ಅಲ್ರಿ, ಅವತ್ತ ನಾ ನಮ್ಮ ಕಟ್ಟಿ ಮ್ಯಾಲ ಕುಂತು..."

ಆಯಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಿಧಾನವಾಗಿ, ತುದಿಯಿಂದ ತೊಟ್ಟಿನವರೆಗೆ. ತಲೆ ಎತ್ತಲಿಲ್ಲ.

"ಅವತ್ತ ತಪ್ಪ ನಂದ ಆತು ತಮ್ಮಾ. ನಿನಗ ಉಣ್ಣಾಕ ಕರೀಲಿಲ್ಲ. ಎದುರು ಮನಿಯವ್ರನ್ನ ಬಿಟ್ಟು ಬೀಗರಿಗೆ ಚಹಾ ಕೊಟ್ಟೆ. ಹಿರೇರು ಹಸ್ದು ಕುಂತಾಗ ಮಾತ ಹೆಚ್ಚು ಕಮ್ಮಿ ಆಗ್ತಾವ. ಅದಕ್ಕ ಈ ಸಲ ಮೊದಲೇ ಬಂದು ಕರದೆ."

ಅವಳಿಗೆ ಎಲ್ಲವೂ ಗೊತ್ತಿತ್ತು, ಮೊದಲಿನಿಂದಲೂ. ನಾನು ಅವಳಿಗೆ ಕೊಡಲು ಹೋದವುಗಳಲ್ಲಿ ನಿಜಕ್ಕೂ ನನ್ನದಾಗಿದ್ದದ್ದು ಆ ಒಂದು ತಪ್ಪೊಪ್ಪಿಗೆ. ಅದನ್ನೂ ಅವಳು ಬೇಡ ಎನ್ನದೆ ಬೇಡವೆಂದಳು. ಕೊರತೆಯನ್ನು ಮತ್ತೆ ತನ್ನ ಮನೆಯದು ಮಾಡಿಕೊಂಡಳು. ನನ್ನ ಕೈಗೆ ಮಡಿಸಿದ ಎಲೆ ಕೊಟ್ಟಳು. ತೊಳೆದ ತಾಟನ್ನು ಕೊಡುವಾಗ ಅದರ ನಡುವೆ ಒಂದು ಹೋಳಿಗೆ ಇಟ್ಟಳು.

"ಖಾಲಿ ಒಯ್ಯಬಾರ್ದು" ಎಂದಳು.

ಲಗ್ನ ಮಠದಲ್ಲಿ ಸರಳವಾಗಿ ಆಯಿತು. ಪ್ರಸಾದಕ್ಕೆ ಮಠದ ತಾಟುಗಳು. ನನ್ನ ಫ್ಯಾನು ತಿರುಗುತ್ತಿತ್ತು, ಯಾರೂ ತಲೆ ಎತ್ತಿ ನೋಡಲಿಲ್ಲ. ನಾನು ಒಂದು ಸಾಲಿಗೆ ಅನ್ನ ಬಡಿಸಿದೆ. ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಬೆಳಗಿನ ರೊಟ್ಟಿಯ ಸಪ್ಪಳ ಇವತ್ತಿಗೂ ಬರುತ್ತದೆ. ಈಗ ಕೇಳಿದಾಗ ಪಾಪ ಎನ್ನುವುದಿಲ್ಲ. ಎನ್ನಲು ಬಾಯಿ ತೆರೆಯುತ್ತದೆ, ಮುಚ್ಚಿಕೊಳ್ಳುತ್ತೇನೆ. ಡಬ್ಬಿ ಕಳಿಸುವುದನ್ನು ಬಿಟ್ಟಿದ್ದೇನೆ. ಹಿಂಡಿ ಬೇಕಾದರೆ ಎಲ್ಲರ ಹಾಗೆ ಕೊಂಡು ತರುತ್ತೇನೆ. "ನಮ್ಮ ಸಾವ್ಕಾರ್ರು ಗಿರಾಕಿ ಆದ್ರು" ಎಂದು ಆಯಿ ಓಣಿಗೆಲ್ಲ ಹೇಳಿ ನಗುತ್ತಾಳೆ. ತೂಗುವಾಗ ಮಾತ್ರ ಒಂದು ಚಮಚ ಹೆಚ್ಚಿಗೆ ಹಾಕುತ್ತಾಳೆ. ಬೇಡ ಎಂದರೆ ಕೇಳುವುದಿಲ್ಲ.

ಅವಳು ತೆಗೆದುಕೊಳ್ಳದೆ ಬಿಟ್ಟ ಆ ತಪ್ಪೊಪ್ಪಿಗೆಯ ಮಾತು ಹಾಗೇ ನನ್ನ ಹತ್ತಿರ ಉಳಿದಿತ್ತು. ಇಲ್ಲಿ ಇಳಿಸಿದ್ದೇನೆ.